ಉಷ್ಣ ಅಂತ ದಿನಾ ಎಳನೀರು: ತುಮಕೂರು ಕಡೆಯ ಒಂದು ಪ್ರಕರಣ

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಹುಡುಗನಿಗೆ ಎಂಟು ವರ್ಷ, ತೂಕ 26 ಕೆಜಿ. ತುಮಕೂರು ಜಿಲ್ಲೆಯ ತೆಂಗಿನ ತೋಟದ ಮನೆ.

ತಾಯಿ ನನ್ನ ಹತ್ತಿರ ಬಂದಿದ್ದು ಮಗನ ಊಟದ ವಿಚಾರಕ್ಕೆ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಳ್ಳುತ್ತೆ, ಮಧ್ಯಾಹ್ನಕ್ಕೆ ಸ್ವಲ್ಪ ಇಳಿಯುತ್ತೆ, ಮೂತ್ರ ಹಾಲು ಹಾಕದ ಟೀ ಡಿಕಾಕ್ಷನ್ ಬಣ್ಣದಲ್ಲಿ ಹೋಗ್ತಿದೆ ಅಂದರು. "ಉಷ್ಣಾನೇ ಅಲ್ವಾ ಮೇಡಂ? ನಮ್ಮತ್ತೆ ಕಾಮಾಲೆ ಇರಬಹುದು ಅಂತಾರೆ. ದಿನಾ ಎರಡು ಎಳನೀರು, ಬಾರ್ಲಿ ನೀರು ಕುಡಿಸ್ತಿದ್ದೀವಿ, ಆದ್ರೂ ಮೂತ್ರ ಕಮ್ಮೀನೇ."

ಹುಡುಗನ ಕಣ್ಣಿನ ಬಿಳಿಭಾಗ ನೋಡಿದೆ. ಹಳದಿ ಇರಲಿಲ್ಲ. ಕಣಕಾಲಿನಲ್ಲಿ ಸಾಕ್ಸ್‌ನ ಎಲಾಸ್ಟಿಕ್ ಗುರುತು ಆಳವಾಗಿ ಕೂತಿತ್ತು. ಇತ್ತೀಚೆಗೆ ಗಂಟಲು ನೋವು, ಜ್ವರ ಏನಾದರೂ ಬಂದಿತ್ತಾ ಅಂತ ಕೇಳಿದೆ. ಎರಡು ವಾರದ ಹಿಂದೆ ಬಂದಿತ್ತಂತೆ, ಮೂರು ದಿನ ಆಂಟಿಬಯೋಟಿಕ್ ಮಾತ್ರೆ ಕೊಟ್ಟು ಜ್ವರ ಬಿಟ್ಟ ಮೇಲೆ ನಿಲ್ಲಿಸಿದ್ದರು.

ಇಷ್ಟು ಕೇಳಿದ ಮೇಲೆ ಗಂಟಲು ಸೋಂಕಿನ ನಂತರ ಬರೋ ಕಿಡ್ನಿ ಉರಿಯೂತ ಇರಬಹುದು ಅನ್ನಿಸಿ ಊಟದ ಮಾತು ಪಕ್ಕಕ್ಕಿಟ್ಟೆ. ಇವತ್ತೇ ಮಕ್ಕಳ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ, ಬಿಪಿ ನೋಡಲೇಬೇಕು ಅಂತ ಕೇಳಿ, ತೋಳಿಗೆ ಸುತ್ತೋ ಮಕ್ಕಳ ಅಳತೆಯ ಪಟ್ಟಿಯಲ್ಲೇ ನೋಡಿಸಿ, ಅಲ್ಲಿಗೆ ಹೋಗೋವರೆಗೂ ಎಳನೀರು ಬೇಡ ಅಂದೆ. ಈ ಕಾಯಿಲೆಯಲ್ಲಿ ಮೊದಲ ವಾರ ಅಪಾಯ ತರೋದು ಮೂತ್ರದ ಬಣ್ಣ ಅಲ್ಲ, ಏರಿದ ಬಿಪಿ. ಮಗು ಆಡಿಕೊಂಡೇ ಇರುತ್ತೆ, ಬಿಪಿ ಮಾತ್ರ ಸದ್ದಿಲ್ಲದೆ ಏರಿರುತ್ತೆ. ಜೋರು ತಲೆನೋವು, ವಾಂತಿ, ಕಣ್ಣು ಮಂಜಾಗೋದು, ಫಿಟ್ಸ್, ಮಲಗಿದರೆ ಉಸಿರು ಕಟ್ಟೋದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು.

ಅವತ್ತು ಅವನ ಬಿಪಿ 140/96 ಇತ್ತು. ಎಂಟು ವರ್ಷದ ಮಗುವಿಗೆ ಅದು ತುಂಬಾ ಜಾಸ್ತಿ, ತಕ್ಷಣ ಅಡ್ಮಿಟ್ ಮಾಡಿಕೊಂಡರು. ಮೂತ್ರದಲ್ಲಿ ರಕ್ತಕಣ, ಸ್ವಲ್ಪ ಪ್ರೋಟೀನ್. ರಕ್ತದಲ್ಲಿ ರೋಗದ ವಿರುದ್ಧ ಹೋರಾಡೋ ಸಿ3 ಅನ್ನೋ ಪ್ರೋಟೀನ್ ಕಡಿಮೆ, ಇತ್ತೀಚೆಗೆ ಸ್ಟ್ರೆಪ್ ಅನ್ನೋ ಬ್ಯಾಕ್ಟೀರಿಯಾ ಸೋಂಕು ಆಗಿತ್ತು ಅಂತ ತೋರಿಸೋ ಎಎಸ್‌ಒ ಜಾಸ್ತಿ. ಅಂದರೆ ಸ್ಟ್ರೆಪ್ ಗಂಟಲು ಸೋಂಕಿನ ನಂತರ ಬರೋ ಕಿಡ್ನಿ ಉರಿಯೂತ. ರೋಗಾಣು ಕಿಡ್ನಿಗೆ ಹೋಗಿ ಕೂತಿರೋದಿಲ್ಲ. ಅದರ ವಿರುದ್ಧ ದೇಹ ಮಾಡಿದ ಪ್ರತಿಕಾಯಗಳು ರೋಗಾಣುವಿನ ಚೂರುಗಳ ಜೊತೆ ಸೇರಿ ರಕ್ತ ಸೋಸುವ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಉರಿಯೂತ ಎಬ್ಬಿಸುತ್ತವೆ. ಗಂಟಲು ಸೋಂಕು ಬಂದು ಒಂದರಿಂದ ಮೂರು ವಾರ ಕಳೆದ ಮೇಲೆ ಇದು ಕಾಣೋದು ಅದಕ್ಕೇ. ಚರ್ಮದ ಕಜ್ಜಿಯಿಂದ ಬಂದರೆ ಇನ್ನೂ ತಡ, ಆರು ವಾರದವರೆಗೂ ಹೋಗಬಹುದು.

ಅಜ್ಜಿಗೆ ಎಳನೀರಿನ ವಿಷಯ ಒಪ್ಪಿಸೋದೇ ಕಷ್ಟವಾಯಿತು. "ನಮ್ಮ ತೋಟದ್ದಮ್ಮ, ಔಷಧಿ ಹೊಡೆದಿಲ್ಲ" ಅಂತ ಬೇಜಾರು ಮಾಡಿಕೊಂಡರು. ನಾನು ಹೇಳಿದ್ದು ಇಷ್ಟು: ಅಜ್ಜಿ, ಎಳನೀರು ಕೆಟ್ಟದ್ದಲ್ಲ, ಈಗ ಅವನ ಕಿಡ್ನಿ ನೀರನ್ನೇ ಹೊರಗೆ ಹಾಕ್ತಿಲ್ಲ. ಕುಡಿಸಿದ್ದೆಲ್ಲ ಒಳಗೇ ನಿಂತು ಮುಖ ಊದುತ್ತೆ, ಬಿಪಿ ಏರುತ್ತೆ. ಎಳನೀರಲ್ಲಿ ಪೊಟ್ಯಾಸಿಯಂ ಬೇರೆ ಜಾಸ್ತಿ, ಮೂತ್ರ ಕಮ್ಮಿ ಇದ್ದಾಗ ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಆಸ್ಪತ್ರೆಯಲ್ಲೂ ಅಳೆದೇ ಕೊಡ್ತಿದ್ದರು. ಹಿಂದಿನ ದಿನ ಹೋದ ಮೂತ್ರ 300 ಮಿಲೀ ಇದ್ದರೆ ಅದಕ್ಕೆ ಸುಮಾರು 350 ಮಿಲೀ ಸೇರಿಸಿ, ದಿನವಿಡೀ ಹಾಲು, ಸಾರು, ನೀರು ಎಲ್ಲಾ ಸೇರಿ 650 ಮಿಲೀ ಅಷ್ಟೇ. ಮೂತ್ರ ಹೆಚ್ಚಿಸೋ ಔಷಧಿ, ಬಿಪಿ ಔಷಧಿ ಕೊಟ್ಟರು. ಐದು ದಿನದಲ್ಲಿ ತೂಕ 24ಕ್ಕೆ ಇಳಿಯಿತು. ಅವನು ದಪ್ಪ ಆಗಿದ್ದಾನೆ ಅಂತ ಮನೆಯವರು ಖುಷಿಪಟ್ಟಿದ್ದ ಆ ಎರಡು ಕೆಜಿ ಬರೀ ನೀರು.

ಮನೆಗೆ ಹೋಗುವಾಗ ಉಪ್ಪಿನ ಬಗ್ಗೆ ಮಾತಾಡಿದೆವು. ಮುದ್ದೆಗೆ ಉಪ್ಪು ಹಾಕಬೇಡಿ, ಸಾರಿಗೆ ಉಪ್ಪು ಹಾಕೋ ಮುಂಚೆ ಅವನ ಪಾಲನ್ನು ಬಟ್ಟಲಿಗೆ ತೆಗೆದಿಟ್ಟು ನಿಂಬೆರಸ, ಹುರಿದ ಜೀರಿಗೆ ಪುಡಿ ಹಾಕಿ ಕೊಡಿ. ಉಪ್ಪಿನಕಾಯಿ, ಹಪ್ಪಳ, ಅಂಗಡಿ ಚಿಪ್ಸ್ ಸದ್ಯಕ್ಕೆ ಬೇಡ. ಸೋಡಿಯಂ ಕಡಿಮೆ ಅಂತ ಮಾರೋ ಉಪ್ಪಲ್ಲೂ ಪೊಟ್ಯಾಸಿಯಂ ಇರುತ್ತೆ, ಡಾಕ್ಟರನ್ನ ಕೇಳದೆ ಅದನ್ನೂ ತರಬೇಡಿ. ಜ್ವರ, ಮೈಕೈ ನೋವು ಅಂತ ಐಬುಪ್ರೊಫೆನ್ ಕೊಡಬೇಡಿ.

ತಾಯಿ ಕೊನೆಗೆ ಕೇಳಿದ್ದು, "ನಾನು ಮಾತ್ರೆ ನಿಲ್ಲಿಸಿದ್ದಕ್ಕೆ ಹೀಗಾಯ್ತಾ?" ಇದಕ್ಕೆ ಸುಮ್ನೆ ಸಮಾಧಾನದ ಮಾತು ಹೇಳೋದು ನನಗೆ ಇಷ್ಟವಿಲ್ಲ. ಪೂರ್ತಿ ಕೋರ್ಸ್ ಕೊಟ್ಟಿದ್ದರೂ ಕಿಡ್ನಿ ತೊಂದರೆ ಬರ್ತಿರಲಿಲ್ಲ ಅಂತ ಹೇಳೋಕಾಗಲ್ಲ. ಆದರೆ ಅದೇ ಸ್ಟ್ರೆಪ್ ಸೋಂಕು ಸಂಧಿವಾತದ ಜ್ವರ ತಂದು ಹೃದಯದ ಕವಾಟ ಹಾಳು ಮಾಡಬಹುದು, ಅದನ್ನು ತಡೆಯೋಕೆ ಪೂರ್ತಿ ಕೋರ್ಸ್ ಬೇಕೇ ಬೇಕು. ಎರಡನ್ನೂ ಹಾಗೇ ಹೇಳಿದೆ.

ಹೆಚ್ಚಿನ ಮಕ್ಕಳು ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಮತ್ತೆ ಬರೋದು ಅಪರೂಪ. ಕಣ್ಣಿಗೆ ಕಾಣೋ ಬಣ್ಣ ಒಂದೆರಡು ವಾರದಲ್ಲಿ ಹೋಗುತ್ತೆ, ಮೈಕ್ರೋಸ್ಕೋಪಿನಲ್ಲಿ ಕಾಣೋ ರಕ್ತಕಣ ವರ್ಷದವರೆಗೂ ಉಳಿದರೆ ಗಾಬರಿ ಬೇಡ. ಸಿ3 ಮಾತ್ರ ಎಂಟು ವಾರದ ಹೊತ್ತಿಗೆ ಸರಿಯಾಗಬೇಕು. ಆಗದೆ ಹೋದರೆ ಕಾಯಿಲೆ ಬೇರೆ ಇರಬಹುದು, ಆಗ ಕಿಡ್ನಿ ತಜ್ಞರಿಗೆ ತೋರಿಸಬೇಕು. ಅವನಿಗೆ ಸರಿಯಾಯಿತು. ಈ ಮಧ್ಯೆ ತಂಗಿಗೆ ಗಂಟಲು ನೋವು ಶುರುವಾದಾಗ ತಾಯಿ ಅವತ್ತೇ ಡಾಕ್ಟರಿಗೆ ತೋರಿಸಿ ಕೋರ್ಸ್ ಪೂರ್ತಿ ಮುಗಿಸಿದರು, ಮೂರು ವಾರ ಅವಳ ಮೂತ್ರದ ಬಣ್ಣವನ್ನೂ ಗಮನಿಸಿದರು.