‘ಸ’ಕಾರವನ್ನು ಪಳಗಿಸುವ ಬಗೆ

“ಕುಂಬಳೆಯ ಅನಂತಪುರ ಸರೋವರ ದೇವಸ್ಥಾನದ ಬಗ್ಗೆ ನಿರೂಪಣೆಯನ್ನು ಧ್ವನಿಮುದ್ರಿಸಿದ್ದೇನೆ. ‘ಸ’, ‘ಶ’ ಬಂದಲ್ಲೆಲ್ಲ ಕಿವಿಗೆ ಚುಚ್ಚುತ್ತದೆ. ಈಕ್ವಲೈಸರಿನಲ್ಲಿ ಇಳಿಸಿದರೆ ಧ್ವನಿಯೇ ಮಂಕಾಗುತ್ತದೆ. ಏನು ಮಾಡಲಿ?”

ನಮಸ್ಕಾರ. ಈಕ್ವಲೈಸರ್ ಇಳಿಸಿದ್ದು ಮುದ್ರಣದ ಉದ್ದಕ್ಕೂ ಇಳಿದೇ ಇರುತ್ತದೆ. ಆದರೆ ‘ಸ’ಕಾರ ಇರುವುದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಮಾತ್ರ. ಆದ್ದರಿಂದ ಆ ಕ್ಷಣದಲ್ಲಷ್ಟೇ, ‘ಸ’ಕಾರದ ಆವರ್ತನ ಪಟ್ಟಿಯನ್ನಷ್ಟೇ ತಗ್ಗಿಸುವ ಡಿ-ಎಸ್ಸರನ್ನು ಸ್ಪ್ಲಿಟ್-ಬ್ಯಾಂಡ್ ವಿಧಾನದಲ್ಲಿ ಬಳಸಿರಿ. ಕಂಪ್ರೆಸರ್ ಬಳಸುತ್ತಿದ್ದರೆ ಇದನ್ನು ಅದರ ನಂತರ ಇಡಿ, ಏಕೆಂದರೆ ಸ್ವರಗಳನ್ನು ಒತ್ತಿದ ಮೇಲೆ ಸಿಳ್ಳು ಇನ್ನಷ್ಟು ಎದ್ದು ಕೇಳುತ್ತದೆ.

ಕನ್ನಡದಲ್ಲಿ ಒಂದು ತೊಡಕಿದೆ. ‘ಸ’ದ ತೀಕ್ಷ್ಣತೆ ಸಾಮಾನ್ಯವಾಗಿ 5ರಿಂದ 9 ಕಿಲೋಹರ್ಟ್ಸ್ ನಡುವೆ ಇದ್ದರೆ, ‘ಶ’ದ್ದು ಅದಕ್ಕಿಂತ ಕೆಳಗೆ, 3ರಿಂದ 5ರ ಆಸುಪಾಸಿನಲ್ಲಿರುತ್ತದೆ. ನಾನು ಬೇಕಲ ಕೋಟೆಯ ನಿರೂಪಣೆಯಲ್ಲಿ ‘ಶಾಸನ’ ಎಂಬ ಒಂದೇ ಪದವನ್ನು ಮತ್ತೆ ಮತ್ತೆ ನುಡಿಸುತ್ತ, ಈಕ್ವಲೈಸರಿನಲ್ಲಿ ಕಿರಿದಾದ ಪಟ್ಟಿಯೊಂದನ್ನು ಏರಿಸಿ ಸರಿಸಿ ನೋಡಿದಾಗ, ‘ಸ’ 7ರಲ್ಲಿ ಚುಚ್ಚಿತು, ‘ಶ’ 4ರಲ್ಲಿ. ಡಿ-ಎಸ್ಸರನ್ನು 7ಕ್ಕೆ ನಿಲ್ಲಿಸಿ, ‘ಸ’ ಬಂದಾಗ ಮಾತ್ರ 4ರಿಂದ 5 ಡೆಸಿಬೆಲ್ ಇಳಿಯುವಂತೆ ಥ್ರೆಶೋಲ್ಡ್, ಅಂದರೆ ಅದು ಕೆಲಸ ಶುರುಮಾಡುವ ಧ್ವನಿಮಟ್ಟವನ್ನು ಹೊಂದಿಸಿದೆ. ಪಟ್ಟಿಯನ್ನು 4ರವರೆಗೆ ಹಿಗ್ಗಿಸಿದ್ದರೆ ಮಾತಿನ ಸ್ಪಷ್ಟತೆಗೇ ಪೆಟ್ಟು ಬೀಳುತ್ತಿತ್ತು. ಹಾಗಾಗಿ ಉಳಿದ ಕೆಲವೇ ‘ಶ’ಗಳನ್ನು ತರಂಗಚಿತ್ರದಲ್ಲಿ ಆಯ್ದು, ಕೈಯಾರೆ 3 ಡೆಸಿಬೆಲ್ ತಗ್ಗಿಸಿದೆ. ಇದು ಬೇಸರದ ಕೆಲಸವಾದರೂ ಅತ್ಯಂತ ನಿರಪಾಯಕರವಾದುದು.

ತೆಗೆದುಹಾಕಿದ ಭಾಗವನ್ನಷ್ಟೇ ಕೇಳಿಸುವ ಗುಂಡಿಯಿದ್ದರೆ ಒತ್ತಿ ನೋಡಿರಿ: ಅಲ್ಲಿ ಸಿಳ್ಳಿನ ಜೊತೆ ಸ್ವರಗಳೂ ಕೇಳಿಸಿದರೆ ಥ್ರೆಶೋಲ್ಡ್ ಅತಿಯಾಗಿ ಕೆಳಗಿದೆ. ‘ಸರೋವರ’ವು ‘ಥರೋವರ’ದಂತೆ ತೊದಲಿದರೂ ಅದೇ ದೋಷ.