ಗುರುವಾರದ ಸೇಲ್ಸ್ ಜಾಸ್ತಿ, ಶುಕ್ರವಾರದ್ದು ಕಮ್ಮಿ: ಆ ಐದೂವರೆ ಗಂಟೆಯ ಕಥೆ

ಪ್ರಶ್ನೆ: ನಮ್ಮ ಆರ್ಡರ್‌ಗಳ ಸಮಯ ಡೇಟಾಬೇಸ್‌ನಲ್ಲಿ ಯುಟಿಸಿಯಲ್ಲಿ ಸೇವ್ ಆಗ್ತಿದೆ. ದಿನದ ಒಟ್ಟು ಸೇಲ್ಸ್ ಅಂಗಡಿಯವರ ರಿಪೋರ್ಟ್ ಜೊತೆ ತಾಳೆ ಆಗ್ತಿಲ್ಲ. ಹಳೆಯದಕ್ಕೆಲ್ಲ ಐದೂವರೆ ಗಂಟೆ ಸೇರಿಸಿ, ಇನ್ನು ಮುಂದೆ ಭಾರತದ ಸಮಯದಲ್ಲೇ ಸೇವ್ ಮಾಡಿದರೆ ಸರಿಹೋಗುತ್ತಾ?

ದಯವಿಟ್ಟು ಮಾಡಬೇಡಿ. ನಾನು ಹಳೆಯದಕ್ಕೆ ಐದೂವರೆ ಗಂಟೆ ಸೇರಿಸಿಯೇ ಕೆಟ್ಟೆ.

ಮೈಸೂರಿನ ಒಂದು ಹೂವಿನ ಅಂಗಡಿಗೆ ನಾನು ಬಿಲ್ಲಿಂಗ್ ಮತ್ತು ಆನ್‌ಲೈನ್ ಆರ್ಡರ್ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಅಂಗಡಿ ಬೆಳಿಗ್ಗೆ 6ಕ್ಕೆ ತೆಗೆದು ರಾತ್ರಿ 10ಕ್ಕೆ ಮುಚ್ಚುತ್ತದೆ. ಆನ್‌ಲೈನ್ ಆರ್ಡರ್ ಮಾತ್ರ ರಾತ್ರಿ 12ರವರೆಗೆ ತಗೊಳ್ತಾರೆ. ತಿಂಗಳುಗಟ್ಟಲೆ ಒಂದು ರೂಪಾಯಿ ವ್ಯತ್ಯಾಸ ಬರಲಿಲ್ಲ. ಯಾಕೆ ಅಂತ ಆಗ ಯೋಚಿಸಲೇ ಇಲ್ಲ. ನಮ್ಮ ಬೆಳಿಗ್ಗೆ 5:30 ಅಂದರೆ ಯುಟಿಸಿಯ ಮಧ್ಯರಾತ್ರಿ. ಅದಾದ ಮೇಲೆ ತೆಗೆದು ನಮ್ಮ ಮಧ್ಯರಾತ್ರಿಯೊಳಗೆ ಮುಚ್ಚುವ ಅಂಗಡಿಗೆ ಎರಡೂ ಗಡಿಯಾರದಲ್ಲಿ ತಾರೀಖು ಒಂದೇ. ತಪ್ಪು ಮೊದಲ ದಿನದಿಂದಲೇ ಇತ್ತು, ಆದರೆ ಕಾಣಿಸುವಂಥ ಆರ್ಡರ್ ಒಂದೂ ಬಂದಿರಲಿಲ್ಲ.

2023ರ ಆಗಸ್ಟ್ 25, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಅವತ್ತು ಅಂಗಡಿ ಬೆಳಗಿನ ಜಾವ 3ಕ್ಕೇ ತೆಗೆದರು. ತಾವರೆ, ಸೇವಂತಿಗೆ, ಬಾಳೆಕಂದು ಎಲ್ಲ ಬೆಳಕು ಹರಿಯುವ ಮುಂಚೆಯೇ ಹೋಯಿತು. ಮರುದಿನ ಯಜಮಾನರು ಲೆಕ್ಕದ ಪುಸ್ತಕ ಹಿಡಿದು ಕೂತರು. ಪುಸ್ತಕದಲ್ಲಿ ಗುರುವಾರ ₹61,180, ಶುಕ್ರವಾರ ₹1,42,600. ನನ್ನ ರಿಪೋರ್ಟಿನಲ್ಲಿ ಗುರುವಾರ ₹1,05,430, ಶುಕ್ರವಾರ ₹98,350.

ಅವರು ಮೊದಲು ನೋಡಿದ್ದು ಗುರುವಾರದ ಸಾಲು. ಗಲ್ಲಾದಲ್ಲಿ ₹44,250 ಕಮ್ಮಿ ಅಂತ ಅವರಿಗೆ ಅನ್ನಿಸಿತು. ಗುರುವಾರ ಸಂಜೆ ಗಲ್ಲಾದಲ್ಲಿ ಕೂತಿದ್ದ ಹುಡುಗನನ್ನು ಕರೆದು ಕೇಳಿದರು. ಆಮೇಲೆ ನನಗೆ ಫೋನ್ ಮಾಡಿ, "ನೋಡಪ್ಪಾ, ನಿನ್ನ ಸಿಸ್ಟಮ್ ಸರಿ ಇದೆಯಾ?" ಅಂದರು. ನಾನು ಸರಿ ಇದೆ ಅಂದೆ. ಆ ಉತ್ತರ ನೆನಪಾದರೆ ಇವತ್ತಿಗೂ ಸಂಕಟ ಆಗುತ್ತದೆ.

ಶುಕ್ರವಾರ ಸರಿಯಾಗಿ ₹44,250 ಕಮ್ಮಿ, ಗುರುವಾರ ಅಷ್ಟೇ ಜಾಸ್ತಿ. ಅಕ್ಕಪಕ್ಕದ ದಿನಗಳಲ್ಲಿ ಒಂದೇ ಮೊತ್ತ ಆಚೀಚೆ ಆಗಿದ್ದರೆ ಹಣ ಕಳೆದಿಲ್ಲ, ದಿನ ಬದಲಾಗಿದೆ. ಸಂಜೆ ಒಂದು ಬಿಲ್ ತರಿಸಿ ನೋಡಿದೆ. ಕಾಗದದ ಮೇಲೆ 25ನೇ ತಾರೀಖು ಬೆಳಗಿನ ಜಾವ 4:10. ಡೇಟಾಬೇಸ್‌ನಲ್ಲಿ 24ನೇ ತಾರೀಖು 22:40. ಅಷ್ಟೇ ವಿಷಯ.

ಇಲ್ಲಿವರೆಗೆ ಆಗಿದ್ದು ಸಣ್ಣ ತಪ್ಪು. ರಿಪೋರ್ಟಿನ ಒಂದು ಸಾಲು ತಿದ್ದಿದ್ದರೆ ಮುಗಿಯುತ್ತಿತ್ತು. ನಾನು ಭಾನುವಾರ ರಾತ್ರಿ 11ರ ಸುಮಾರಿಗೆ ಇದನ್ನು ಓಡಿಸಿದೆ:

```sql
UPDATE orders
SET created_at = created_at + INTERVAL 330 MINUTE;
```

330 ನಿಮಿಷ ಅಂದರೆ ಐದೂವರೆ ಗಂಟೆ. ರಿಪೋರ್ಟ್ ತೆರೆದರೆ ಎಲ್ಲ ತಾಳೆ. ಯಜಮಾನರಿಗೆ ಸ್ಕ್ರೀನ್‌ಶಾಟ್ ಕಳಿಸಿ ಮಲಗಿದೆ.

ಆದರೆ ಆರ್ಡರ್ ಬರೆಯುವ ಪ್ರೋಗ್ರಾಂ ಇನ್ನೂ ಯುಟಿಸಿಯಲ್ಲೇ ಬರೆಯುತ್ತಿತ್ತು. ಹಾಗಾಗಿ ಒಂದೇ ಕಾಲಂನಲ್ಲಿ ಹಳೆಯ ಸಾಲುಗಳು ನಮ್ಮ ಸಮಯದಲ್ಲಿ, ಹೊಸವು ಯುಟಿಸಿಯಲ್ಲಿ. ಯಾವುದು ಯಾವುದು ಅಂತ ಹೇಳುವ ಗುರುತು ಒಂದೂ ಇಲ್ಲ. `2023-08-27 17:44:00` ಅನ್ನುವುದು ಸಂಜೆ 5:44ರ ಆರ್ಡರೋ, ರಾತ್ರಿ 11:14ರ ಆರ್ಡರೋ? ಅದನ್ನು ನೋಡಿ ಯಾರೂ ಹೇಳಲಾರರು. ಅಂಗಡಿ ಮತ್ತೆ 6ಕ್ಕೇ ತೆಗೆಯುತ್ತಿದ್ದರಿಂದ ದಿನದ ಒಟ್ಟು ಮೊತ್ತದಲ್ಲೂ ಏನೂ ಗೊತ್ತಾಗಲಿಲ್ಲ.

ಎರಡು ದಿನ ಬಿಟ್ಟು ಹೊಸ ಆರ್ಡರ್‌ಗಳ ಸಮಯ ತಪ್ಪಾಗಿ ಕಾಣ್ತಿದೆ ಅಂತ ಗೊತ್ತಾಯಿತು. ರಿಪೋರ್ಟಿನಲ್ಲೂ ಐದೂವರೆ ಗಂಟೆ ಸೇರಿಸಿದೆ. ಹೊಸವು ಸರಿಯಾದವು. ಹಳೆಯವಕ್ಕೆ ಎರಡು ಸಲ ಸೇರಿತು. ಸಂಜೆ 6:30ರ ನಂತರದ ವ್ಯಾಪಾರ ಪೂರ್ತಿ ಮರುದಿನಕ್ಕೆ ಜಾರಿತು. ಹೂವಿನ ಅಂಗಡಿಯ ಜೋರು ವ್ಯಾಪಾರವೇ ಆ ಹೊತ್ತಿನದು. ರಿಪೋರ್ಟಿನಿಂದ ತೆಗೆದರೆ ಹೊಸವು ಕೆಡುತ್ತವೆ, ಇಟ್ಟರೆ ಹಳೆಯವು ಕೆಡುತ್ತವೆ.

ಯಾವ ಸಾಲಿನವರೆಗೆ ಬದಲಾಯಿಸಿದೆ ಅಂತ ಬರೆದಿಟ್ಟುಕೊಂಡಿರಲಿಲ್ಲ. ಟೇಬಲ್‌ನ ಕಾಪಿಯೂ ಇಟ್ಟಿರಲಿಲ್ಲ. ಎರಡು ವಾರ ಕಾಗದದ ಬಿಲ್‌ಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಕೊನೆಗೆ ಸಾಲುಗಳನ್ನು `id` ಪ್ರಕಾರ ಜೋಡಿಸಿದಾಗ ದಾರಿ ಸಿಕ್ಕಿತು. ಒಂದು ಸಾಲಿನಲ್ಲಿ 22:52, ಅದರ ಮುಂದಿನದರಲ್ಲಿ 17:44. ಸಮಯ ಹಿಂದಕ್ಕೆ ಹೋಗಿದ್ದು ಅಲ್ಲಿ ಮಾತ್ರ. ಅದೇ ಗಡಿ. ಆ ರಾತ್ರಿ 11:14ಕ್ಕೆ ಯಾರೋ ಆನ್‌ಲೈನ್‌ನಲ್ಲಿ ಮಲ್ಲಿಗೆ ಹೂ ಹೇಳಿದ್ದರಿಂದ ಸಿಕ್ಕಿತು. ಮುಂದಿನ ಆರ್ಡರ್ ಬೆಳಿಗ್ಗೆ 6:40ಕ್ಕೆ ಬಂದಿದ್ದರೆ ಅದು 01:10 ಅಂತ ಇರುತ್ತಿತ್ತು, 22:52 ಆದಮೇಲೆ ಸಹಜವಾಗಿಯೇ ಕಾಣುತ್ತಿತ್ತು. ಗಡಿಯವರೆಗಿನ ಸಾಲುಗಳಿಂದ 330 ನಿಮಿಷ ಕಳೆದೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಯುಟಿಸಿಯಲ್ಲಿ ಸೇವ್ ಆಗುವುದು ತಪ್ಪಲ್ಲ. ಯಾರ ದಿನ ಅಂತ ಹೇಳದೆ ತಾರೀಖು ಕತ್ತರಿಸುವುದು ತಪ್ಪು. ಸೇವ್ ಆದದ್ದನ್ನು ಮುಟ್ಟಬೇಡಿ, ಓದುವಾಗ ಬದಲಿಸಿ. ಮೈಎಸ್‌ಕ್ಯೂಎಲ್‌ನಲ್ಲಿ ಹೀಗೆ:

```sql
SELECT DATE(CONVERT_TZ(created_at,'+00:00','+05:30')) AS dina,
       SUM(total)
FROM orders
WHERE created_at >= '2023-08-24 18:30:00'
  AND created_at <  '2023-08-25 18:30:00'
GROUP BY dina;
```

ನಮ್ಮ 25ನೇ ತಾರೀಖು ಯುಟಿಸಿಯಲ್ಲಿ 24ರ ಸಂಜೆ 6:30ಕ್ಕೆ ಶುರುವಾಗುತ್ತದೆ. `WHERE`ನಲ್ಲಿ ಕಾಲಂ ಅನ್ನು ಹಾಗೇ ಬಿಟ್ಟಿರುವುದು ಇಂಡೆಕ್ಸ್ ಕೆಲಸ ಮಾಡಲಿ ಅಂತ. `'+05:30'` ಬದಲು `'Asia/Kolkata'` ಅಂತ ಬರೆಯುವುದಾದರೆ ಟೈಮ್ ಝೋನ್ ಟೇಬಲ್‌ಗಳು ಸರ್ವರ್‌ನಲ್ಲಿ ಲೋಡ್ ಆಗಿರಬೇಕು. ಇಲ್ಲದಿದ್ದರೆ ಎರರ್ ಬರಲ್ಲ, ಸುಮ್ನೆ `NULL` ಬರುತ್ತದೆ.

ಇದಕ್ಕೂ ಮೊದಲು ಕಾಲಂನ ಟೈಪ್ ನೋಡಿ. ನನ್ನದು `DATETIME`, ಬರೆದದ್ದನ್ನು ಹಾಗೇ ವಾಪಸ್ ಕೊಡುತ್ತದೆ. `TIMESTAMP` ಆಗಿದ್ದರೆ ಸೆಷನ್‌ನ `time_zone` ಪ್ರಕಾರ ಮೈಎಸ್‌ಕ್ಯೂಎಲ್ ತಾನೇ ಬದಲಿಸಿ ಕೊಡುತ್ತದೆ. ಆ ಸೆಷನ್ ಈಗಾಗಲೇ `+05:30`ರಲ್ಲಿದ್ದರೆ ಮೇಲಿನ ಕ್ವೆರಿ ಎರಡನೇ ಸಲ ಸೇರಿಸುತ್ತದೆ, `WHERE`ನ ಸಮಯಗಳೂ ತಪ್ಪಾಗುತ್ತವೆ.

ಇನ್ನೊಂದು ಮಾತು. ಹೋಟೆಲ್ ಥರ ರಾತ್ರಿ 1ಕ್ಕೆ ಬಾಗಿಲು ಹಾಕುವ ಅಂಗಡಿಯಾದರೆ ಭಾರತದ ಸಮಯವೂ ನಿಮ್ಮನ್ನು ಕಾಪಾಡಲ್ಲ. 12:40ರ ಬಿಲ್ ಅವರ ಲೆಕ್ಕದಲ್ಲಿ ಹಿಂದಿನ ದಿನದ್ದೇ. ನಾನೀಗ ಎಲ್ಲ ಕಡೆ `business_date` ಅನ್ನೋ ಬೇರೆ ಕಾಲಂ ಇಡುತ್ತೇನೆ. ಬಿಲ್ ಆಗುವಾಗಲೇ, ಅಂಗಡಿಯ ದಿನ ಎಷ್ಟು ಹೊತ್ತಿಗೆ ಮುಗಿಯುತ್ತದೋ ಅದರ ಪ್ರಕಾರ ತಾರೀಖು ಬರೆಯುತ್ತೇನೆ. ದಿನದ ಮೊತ್ತಕ್ಕೆ ಆ ಕಾಲಂ ಬಿಟ್ಟು ಬೇರೆ ಯಾವುದನ್ನೂ ನೋಡಲ್ಲ. ಜಿಎಸ್‌ಟಿಗೆ ಮಾತ್ರ ಬಿಲ್ ಮೇಲಿನ ತಾರೀಖೇ ಬೇಕು, ಎರಡನ್ನೂ ಬೆರೆಸಬೇಡಿ.

ಇವತ್ತೇ ಅಂಗಡಿಯವರಿಂದ ಎರಡು ಕಾಗದದ ಬಿಲ್ ತರಿಸಿ. ಒಂದು ಬೆಳಿಗ್ಗೆ 5:30ಕ್ಕಿಂತ ಮುಂಚಿನದು, ಇನ್ನೊಂದು ಸಂಜೆ 6:30ರ ನಂತರದ್ದು. ನಿಮ್ಮ ರಿಪೋರ್ಟಿನಲ್ಲಿ ಮೊದಲನೆಯದು ಹಿಂದಿನ ದಿನಕ್ಕೆ ಹೋಗಿದ್ದರೆ ಯುಟಿಸಿ ತಾರೀಖಿನಲ್ಲೇ ಕೂಡುತ್ತಿದ್ದೀರಿ. ಎರಡನೆಯದು ಮರುದಿನಕ್ಕೆ ಹೋಗಿದ್ದರೆ ಯಾರೋ ಈಗಾಗಲೇ ಎರಡು ಸಲ ಸೇರಿಸಿದ್ದಾರೆ.