ಕೊಟ್ಟಿಗೆ ಲೇಖನ: ‘ಸಾಕಷ್ಟು’ ಬೇಡ, ಇಂಚಿನಲ್ಲಿ ಹೇಳಿ

“ಹೊಳೆಯುವ ನುಣುಪು ನೆಲ, ಅದಕ್ಕೆ ಸಾಕಷ್ಟು ಇಳಿಜಾರು, ಹಿಂದೆ ಆಳವಾದ ಚರಂಡಿ, ಮೇವು ಚೆಲ್ಲದಂತೆ 3 ಅಡಿ ಎತ್ತರದ ಗೋದಲಿ, ಹಸುವಿಗೆ 3 ಅಡಿ ಅಗಲದ ಜಾಗ ಎಂದು ಬರೆದಿದ್ದೇನೆ. ಪ್ರಕಟಿಸಲು ಇನ್ನೇನು ಸೇರಿಸಬೇಕು?”

ಮಾನ್ಯರೇ,

ಸೇರಿಸುವುದಕ್ಕಿಂತ ತಿದ್ದುವುದೇ ಹೆಚ್ಚಿದೆ. ನಿಮ್ಮ ಲೇಖನ ಓದಿದ ರೈತರು ಅದನ್ನು ಮೇಸ್ತ್ರಿಯ ಕೈಗೆ ಕೊಡುತ್ತಾರೆ. ‘ಸಾಕಷ್ಟು ಇಳಿಜಾರು’ ಎಂದರೆ ಒಬ್ಬ ಮೇಸ್ತ್ರಿಗೆ 1 ಇಂಚು, ಇನ್ನೊಬ್ಬರಿಗೆ 5 ಇಂಚು. ಒಮ್ಮೆ ಕಾಂಕ್ರೀಟು ಬಿದ್ದ ಮೇಲೆ ತಪ್ಪನ್ನು ದಿನವೂ ಅನುಭವಿಸುವುದು ಹಸು.

ನೀವು ಶೆಡ್ಡಿನ ಅಳತೆಯಿಂದ ಶುರು ಮಾಡಿದ್ದೀರಿ, ಹಸುವಿನ ಅಳತೆಯಿಂದ ಶುರು ಮಾಡಿ. 4 ಮಿಶ್ರತಳಿ ಎಚ್‌ಎಫ್ ಹಸುಗಳನ್ನು ಒಂದೇ ಸಾಲಿನಲ್ಲಿ ಕಟ್ಟುವ ಕೊಟ್ಟಿಗೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಹಸುವಿನ ಹೆಗಲ ಮುಂಭಾಗದಿಂದ ಹಿಂಭಾಗದ ಮೂಳೆಯವರೆಗೆ ಅಳೆದರೆ ಸುಮಾರು 5 ಅಡಿ ಬರುತ್ತದೆ. ಅದಕ್ಕೆ 6 ಇಂಚು ಸೇರಿಸಿದರೆ ಗೋದಲಿ ಗೋಡೆಯಿಂದ ಚರಂಡಿ ಅಂಚಿನವರೆಗೆ ಐದೂವರೆ ಅಡಿ. ಉಳಿದೆಲ್ಲವೂ ನಿಂತಿರುವುದು ಈ ಒಂದು ಅಳತೆಯ ಮೇಲೆ. ‘ದನ ಆರಾಮಾಗಿರಲಿ’ ಎಂದು ಇದನ್ನೇ 7 ಅಡಿ ಮಾಡಿದರೆ ಸಗಣಿ ಚರಂಡಿಗೆ ಬೀಳುವುದಿಲ್ಲ, ನೆಲದ ಮೇಲೇ ಬೀಳುತ್ತದೆ. ಹಸು ಅದರ ಮೇಲೆ ಮಲಗುತ್ತದೆ, ಕೆಚ್ಚಲಿಗೆ ಸಗಣಿ ಮೆತ್ತುತ್ತದೆ, ಕೆಚ್ಚಲು ಬಾವು ರೋಗಕ್ಕೆ ದಾರಿಯಾಗುತ್ತದೆ. ತೀರಾ ಚಿಕ್ಕದಾದರೆ ಹಿಂಗಾಲು ಚರಂಡಿಯಲ್ಲೇ ನೆನೆದು ಗೊರಸು ಮೆತ್ತಗಾಗುತ್ತದೆ. ಮಲೆನಾಡು ಗಿಡ್ಡಕ್ಕೆ ಐದೂವರೆ ಅಡಿಯೇ ಹೆಚ್ಚು. ಆದ್ದರಿಂದ ಓದುಗರು ತಮ್ಮ ದನವನ್ನು ಅಳೆದು ನೋಡಲಿ ಎಂದು ಬರೆಯಿರಿ.

ಇಳಿಜಾರು 40ಕ್ಕೆ 1 ಇರಲಿ. ಐದೂವರೆ ಅಡಿ ಎಂದರೆ 66 ಇಂಚು, ಅಂದರೆ ಗೋದಲಿ ಕಡೆಗಿಂತ ಚರಂಡಿ ಅಂಚು ಒಂದೂವರೆ ಇಂಚಿಗಿಂತ ತುಸು ಹೆಚ್ಚು ತಗ್ಗು. ಇಷ್ಟಕ್ಕೇ ಗಂಜಲ ಹರಿದುಹೋಗುತ್ತದೆ. ಇಳಿಜಾರು ಹೆಚ್ಚಾದರೆ ಹಸುವಿನ ಭಾರವೆಲ್ಲ ಹಿಂಗಾಲಿಗೆ ಬೀಳುತ್ತದೆ, ಒದ್ದೆ ನೆಲದಲ್ಲಿ ಜಾರುತ್ತದೆ. ತುಂಬು ಗಬ್ಬದ ಹಸು ಹಾಗೆ ಹಿಂದಕ್ಕೆ ವಾಲಿ ಮಲಗಿದರೆ ಮೈ ಹೊರಬರುವ, ಅಂದರೆ ಯೋನಿ ಹೊರಕ್ಕೆ ಜಾರುವ ಅಪಾಯವೂ ಇದೆ. ಈ ಇಳಿಜಾರನ್ನು ದಮ್ಮಸ್ಸು ಮಾಡಿದ ಮಣ್ಣಿನಲ್ಲೇ ತರಬೇಕು, ಮೇಲಿನ ಗಾರೆಯಲ್ಲಲ್ಲ. ಮೇಸ್ತ್ರಿಗಳು ಕಾಂಕ್ರೀಟನ್ನು ಮಟ್ಟವಾಗಿ ಹಾಕಿ ಗಾರೆಯಲ್ಲಿ ಇಳಿಜಾರು ತೆಗೆದರೆ ಚರಂಡಿ ಕಡೆಯ ಗಾರೆ ತೆಳುವಾಗಿ, ಹಿಂಗಾಲು ಊರುವ ಜಾಗದಲ್ಲೇ ಮೊದಲು ಕಿತ್ತುಬರುತ್ತದೆ. ನೀವು ಹೇಳಿದ ‘ಹೊಳೆಯುವ ನುಣುಪು ನೆಲ’ವನ್ನು ದಯವಿಟ್ಟು ತೆಗೆದುಹಾಕಿ. ಹಸಿ ಇರುವಾಗಲೇ ಗೆರೆ ಎಳೆದು ಒರಟು ಮಾಡಬೇಕು.

ಆಳವಾದ ಚರಂಡಿ ನಿಮ್ಮ ಲೇಖನದ ದೊಡ್ಡ ತಪ್ಪು. ಕಾಲು ಸಿಕ್ಕಿಕೊಳ್ಳುತ್ತದೆ, ಸಲಿಕೆ ಇಳಿಯುವುದಿಲ್ಲ, ತಳದಲ್ಲಿ ಸಗಣಿ ಕಟ್ಟಿ ನೊಣ ಹುಟ್ಟುತ್ತದೆ. ಅಗಲ 12 ಇಂಚು, ಮೂಲೆಗಳು ದುಂಡಗೆ ಇರಲಿ. ಹಸುವಿಗೆ 4 ಅಡಿಯಂತೆ ನಮ್ಮ ಸಾಲು 16 ಅಡಿ ಉದ್ದ. 100ಕ್ಕೆ 1ರ ಲೆಕ್ಕದಲ್ಲಿ ಚರಂಡಿ ತಳ ಸುಮಾರು 2 ಇಂಚು ಇಳಿಯಬೇಕು. ಒಂದು ತುದಿಯಲ್ಲಿ 2 ಇಂಚು ಆಳದಿಂದ ಶುರುವಾದರೆ ಹೊರಬಾಯಿಯಲ್ಲಿ 4 ಇಂಚು, ಅಷ್ಟೇ. ನೆಲ ಗಟ್ಟಿಯಾದ ಮೇಲೆ ಗೋದಲಿ ಬುಡದಲ್ಲಿ ಒಂದು ಬಕೆಟ್ ನೀರು ಸುರಿದು, ಎಲ್ಲಿ ನಿಂತಿತು ಎಂದು ನೋಡಿ ಅಲ್ಲೇ ಸರಿಪಡಿಸಿಕೊಳ್ಳಲಿ.

3 ಅಡಿ ಅಗಲದ ಜಾಗದಲ್ಲಿ ಎಚ್‌ಎಫ್ ಹಸು ನಿಲ್ಲುತ್ತದೆ, ಆದರೆ ಮಲಗಲಾರದು. ಮಲಗಿದರೂ ಪಕ್ಕದ ಹಸು ಏಳುವಾಗ ಅದರ ಮೊಲೆತೊಟ್ಟು ತುಳಿಯುತ್ತದೆ. 4 ಅಡಿ ಕೊಡಲೇಬೇಕು.

ಇನ್ನು ಗೋದಲಿ. ಹಸು ಏಳುವುದನ್ನು ಗಮನಿಸಿ: ಮುಂಗಾಲಿನ ಮಂಡಿಯೂರಿ, ತಲೆಯನ್ನು ಮುಂದಕ್ಕೆ ಚಾಚಿ, ಹಿಂಭಾಗವನ್ನು ಮೊದಲು ಎತ್ತುತ್ತದೆ. ಎದುರಿಗೆ 3 ಅಡಿ ಗೋಡೆಯಿದ್ದರೆ ತಲೆ ಚಾಚಲು ಜಾಗವೇ ಇಲ್ಲ. ಎರಡು ಮೂರು ಸಲ ಪ್ರಯತ್ನಿಸಿ ಕುಸಿಯುತ್ತದೆ, ಕೊನೆಗೆ ಮಲಗುವುದನ್ನೇ ಕಡಿಮೆ ಮಾಡುತ್ತದೆ. ಹಸುವಿನ ಕಡೆಯ ಗೋಡೆ 18 ಇಂಚು ಸಾಕು, 20 ದಾಟಬಾರದು. ಗೋದಲಿಯ ತಳ ಹಸು ನಿಲ್ಲುವ ನೆಲಕ್ಕಿಂತ 6 ಇಂಚು ಎತ್ತರವಿರಲಿ. ಮೇಯುವಾಗಿನಂತೆ ತಲೆ ತಗ್ಗಿಸಿ ತಿಂದರೆ ಜೊಲ್ಲು ಚೆನ್ನಾಗಿ ಬರುತ್ತದೆ, ಮೇವನ್ನು ಎಸೆದಾಡುವುದೂ ಕಡಿಮೆ. ಮೇವು ಚೆಲ್ಲದಿರಲು ಎತ್ತರಿಸಬೇಕಾದದ್ದು ಆಚೆ ಬದಿಯ ಗೋಡೆ. ಈಗಾಗಲೇ ಕಟ್ಟಿಸಿದವರು ಹಸುವಿನ ಕುತ್ತಿಗೆಯ ಕೆಳಭಾಗವನ್ನು ಮುಟ್ಟಿ ನೋಡಲಿ. ಕೂದಲು ಉದುರಿ ಚರ್ಮ ದಪ್ಪಗಾಗಿದ್ದರೆ ಗೋಡೆ ಉಜ್ಜುತ್ತಿದೆ ಎಂದೇ ಅರ್ಥ.

ಗೋದಲಿಯಿಂದ ಚರಂಡಿಯವರೆಗೆ ಕೊಟ್ಟಿಗೆಯನ್ನು ಅಡ್ಡಲಾಗಿ ಸೀಳಿ ತೋರಿಸುವ ಒಂದು ಚಿತ್ರ ಬರೆದು, ಈ ಅಳತೆಗಳನ್ನು ಅದರ ಮೇಲೆ ಗುರುತಿಸಿ ಲೇಖನದ ಜೊತೆ ಮತ್ತೆ ಕಳಿಸಿ. ಗೋಮಾತೆಯ ಮಹಿಮೆಯ ಮೊದಲ ಎರಡು ಪುಟ ಬೇಡ, ಆ ಜಾಗ ಚಿತ್ರಕ್ಕೆ ಬೇಕು.

— ಸಂಪಾದಕ